ಫಾಲೋವರ್ ಇದ್ದರು, ಗಿರಾಕಿ ಇರಲಿಲ್ಲ

ದಾವಣಗೆರೆಯ ನಿಟುವಳ್ಳಿಯಲ್ಲಿ ಎರಡು ಮಿಷಿನ್ನು, ಒಂದು ಓವರ್‌ಲಾಕ್, ಒಂದು ಕಟಿಂಗ್ ಟೇಬಲ್ಲು ಹಿಡಿಸುವಷ್ಟು ಅಂಗಡಿ ಇಟ್ಟುಕೊಂಡಿದ್ದ ಬ್ಲೌಸ್ ಟೈಲರ್ ಒಬ್ಬನಿಗೆ ಒಂದೂವರೆ ವರ್ಷದಲ್ಲಿ ಇನ್‌ಸ್ಟಾಗ್ರಾಂನಲ್ಲಿ 18,400 ಫಾಲೋವರ್‌ಗಳು ಸೇರಿದರು. ಅದೇ ಒಂದೂವರೆ ವರ್ಷದಲ್ಲಿ ಆ ಖಾತೆ ನೋಡಿ ಅಂಗಡಿಯ ಮೆಟ್ಟಿಲು ಹತ್ತಿದವರು ಇಬ್ಬರು. ಈ ಎರಡು ಸಂಖ್ಯೆಗಳ ನಡುವಿನ ಅಂತರಕ್ಕೆ ಕಾರಣ ಆತನ ಕೈಕೆಲಸದಲ್ಲಿ ಇರಲಿಲ್ಲ, ಅದೃಷ್ಟದಲ್ಲೂ ಇರಲಿಲ್ಲ. ಕಾರಣವನ್ನು ಕಂಡುಹಿಡಿಯಬಹುದಿತ್ತು, ಎಣಿಸಬಹುದಿತ್ತು. ಆತ ಅದನ್ನು ಕಂಡುಹಿಡಿದ ಕಥೆ ಇದು.

ಶುರುವಾದದ್ದು ಒಂದು ಆಷಾಢದಲ್ಲಿ. ಆಷಾಢದಲ್ಲಿ ಮದುವೆಯಿಲ್ಲ, ಗೃಹಪ್ರವೇಶವಿಲ್ಲ. ಬ್ಲೌಸ್ ಟೈಲರ್‌ಗಳ ಮಿಷಿನ್ ತಣ್ಣಗಿರುವ ತಿಂಗಳು ಅದು. ಶ್ರಾವಣ ಹುಟ್ಟಿ ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂದಾಗಲೇ ಮತ್ತೆ ಬಟ್ಟೆ ಬೀಳುವುದು. ಆ ಬಿಡುವಿನಲ್ಲಿ ಆತ ಮೊಬೈಲನ್ನು ಕಟಿಂಗ್ ಟೇಬಲ್ಲಿನ ಮೇಲಕ್ಕೆ ಕಟ್ಟಿ, ತಾನು ಬಟ್ಟೆ ಕತ್ತರಿಸುವುದನ್ನು ಚಿತ್ರಿಸಿ ಹಾಕತೊಡಗಿದ. ಮೊದಲ ಕೆಲವನ್ನು ಯಾರೂ ನೋಡಲಿಲ್ಲ. ಆಮೇಲೆ ಕಂಕುಳ ಹತ್ತಿರ ಸುಕ್ಕು ಬೀಳದಂತೆ ಕಟಿಂಗ್ ಮಾಡುವುದು ಹೇಗೆಂಬ ಒಂದು ವಿಡಿಯೋ ಹಾಕಿದ. ಅದನ್ನು 6 ಲಕ್ಷ ಸಲ ನೋಡಲಾಯಿತು.

ಆ ವಿಡಿಯೋ ಓಡಿದ್ದರಲ್ಲಿ ಆಶ್ಚರ್ಯವಿಲ್ಲ. ಬ್ಲೌಸ್ ಹೊಲಿಗೆಯಲ್ಲಿ ಕಲಿಯುವವರನ್ನು ಅತಿಹೆಚ್ಚು ಕಾಡುವ ಜಾಗ ಕಂಕುಳು. ಮುಂಭಾಗ, ಹಿಂಭಾಗ ಎರಡನ್ನೂ ಒಂದೇ ಗೆರೆಯಲ್ಲಿ ಕತ್ತರಿಸಿದರೆ ಮುಂದುಗಡೆ ಬಟ್ಟೆ ಉಳಿದು, ಕೈ ಇಳಿಬಿಟ್ಟಾಗ ಮಡಿಕೆಯಾಗಿ ನಿಲ್ಲುತ್ತದೆ. ಮುಂಭಾಗದ ಆರ್ಮ್‌ಹೋಲನ್ನು ಹಿಂಭಾಗಕ್ಕಿಂತ ಸುಮಾರು ಅರ್ಧ ಇಂಚು ಒಳಕ್ಕೆ ತೆಗೆಯಬೇಕು. ತೋಳಿನ ಮೇಲ್ಭಾಗದ ಬಾಗನ್ನೂ ಅದಕ್ಕೆ ಸರಿಯಾಗಿ ಮುಂದುಗಡೆ ಹೆಚ್ಚು ತೆಗೆಯಬೇಕು. ಎರಡೂ ಕೂಡಿದಾಗ ಬಟ್ಟೆ ಮೈಗೆ ಅಂಟಿ ಕೂರುತ್ತದೆ. ಆತ ಇದನ್ನು ಚಾಕ್‌ಪೀಸಿನಲ್ಲಿ ಗೆರೆ ಎಳೆದು, ಕತ್ತರಿಸಿ, ಎರಡು ಭಾಗಗಳನ್ನು ಒಂದರ ಮೇಲೊಂದು ಇಟ್ಟು ತೋರಿಸಿದ್ದ. ಮಾತಿರಲಿಲ್ಲ, ಹಿನ್ನೆಲೆಯಲ್ಲಿ ಸಂಗೀತ ಮಾತ್ರ. ವರ್ಷಗಳ ಅನುಭವವನ್ನು ಅರ್ಧ ನಿಮಿಷದಲ್ಲಿ ಇಷ್ಟು ಸ್ಪಷ್ಟವಾಗಿ ಕಾಣಿಸುವುದು ಸಣ್ಣ ಸಾಧನೆಯಲ್ಲ. ಅಲ್ಲಿಂದ ಮುಂದೆ ಆತ ಅಂಥದ್ದನ್ನೇ ಮಾಡಿದ: ಬೋಟ್ ನೆಕ್, ಪ್ರಿನ್ಸೆಸ್ ಕಟ್, ಕಟೋರಿ, ಪೈಪಿಂಗ್ ತಿರುಗಿಸುವ ಬಗೆ, ಲೈನಿಂಗ್ ಬಟ್ಟೆಯನ್ನು ನೆನೆಸಿ ಒಣಗಿಸದೆ ಕತ್ತರಿಸಬಾರದೇಕೆ ಎಂಬುದು. ಫಾಲೋವರ್‌ಗಳು ಏರಿದರು. ಶ್ರಾವಣ ಬಂತು, ಕಾರ್ತಿಕ ಬಂತು, ಮದುವೆಯ ಕಾಲ ಬಂದು ಹೋಯಿತು. ಅಂಗಡಿಗೆ ಬಂದವರಲ್ಲಿ ಬಹುಪಾಲು ಮೊದಲಿಂದ ಬರುತ್ತಿದ್ದವರೇ, ಅವರಲ್ಲೂ ಕೆಲವರು ಕಡಿಮೆಯಾಗಿದ್ದರು.

ಆತನ ಅಕ್ಕನ ಮಗಳು ಬಿ.ಕಾಂ. ಓದುತ್ತಿದ್ದಳು. ಒಂದು ಭಾನುವಾರ ಮಾವನ ಫೋನ್ ತೆಗೆದುಕೊಂಡು ಆಕೆ ಮೊದಲು ನೋಡಿದ್ದು ವಿಡಿಯೋಗಳನ್ನಲ್ಲ, ಖಾತೆಯ ಅಂಕಿಅಂಶದ ಪುಟವನ್ನು. ಸಾಮಾನ್ಯ ಖಾತೆಯಲ್ಲಿ ಈ ಪುಟ ಇರುವುದಿಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ಪ್ರೊಫೆಷನಲ್ ಖಾತೆಯಾಗಿ ಬದಲಿಸಿಕೊಂಡರೆ ಇನ್‌ಸೈಟ್ಸ್ ಎಂಬ ಭಾಗ ತೆರೆಯುತ್ತದೆ. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಒಟ್ಟು ಫಾಲೋವರ್‌ಗಳ ವಯಸ್ಸು, ಗಂಡು-ಹೆಣ್ಣಿನ ಪ್ರಮಾಣ, ದೇಶ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಅತಿಹೆಚ್ಚು ಫಾಲೋವರ್‌ಗಳಿರುವ ಊರುಗಳು ಅಲ್ಲಿ ಕಾಣುತ್ತವೆ. ಟೈಲರ್ ಖಾತೆಯನ್ನು ಹಿಂದೆಯೇ ಬದಲಿಸಿಕೊಂಡಿದ್ದ, ಆದರೆ ಅಲ್ಲಿ ನೋಡುತ್ತಿದ್ದದ್ದು ಎಷ್ಟು ಜನ ನೋಡಿದರೆಂಬ ಮೊದಲ ಸಾಲನ್ನು ಮಾತ್ರ.

ಊರುಗಳ ಪಟ್ಟಿಯಲ್ಲಿ ಮೊದಲು ಹೈದರಾಬಾದ್ ಇತ್ತು. ಆಮೇಲೆ ಬೆಂಗಳೂರು, ವಿಜಯವಾಡ, ಢಾಕಾ, ಚೆನ್ನೈ. ಐದನೆಯದಾದ ಚೆನ್ನೈನ ಪಾಲು ನೂರಕ್ಕೆ 1.1. ದಾವಣಗೆರೆಯ ಹೆಸರೇ ಇರಲಿಲ್ಲ. ಹೆಸರಿಲ್ಲದಿದ್ದರೂ ಲೆಕ್ಕ ಹಾಕಲು ಇಷ್ಟು ಸಾಕಾಗಿತ್ತು. ಐದನೆಯ ಊರಿಗಿಂತ ಕೆಳಗಿದೆ ಎಂದ ಮೇಲೆ ದಾವಣಗೆರೆಯ ಪಾಲು 1.1ಕ್ಕಿಂತ ಹೆಚ್ಚಿರಲು ಸಾಧ್ಯವಿಲ್ಲ. 18,400ರಲ್ಲಿ ನೂರಕ್ಕೆ 1.1 ಎಂದರೆ ಸುಮಾರು 200 ಜನ. ಅದೂ ಹೆಚ್ಚೆಂದರೆ. ಅವರಲ್ಲಿ ಅರ್ಧದಷ್ಟು ಜನ ಹೊಲಿಗೆ ಕಲಿಯುವವರು ಅಥವಾ ಬೇರೆ ಟೈಲರ್‌ಗಳು ಎಂದುಕೊಂಡರೆ ಉಳಿದದ್ದು 100. ಹೆಂಗಸರು ಬ್ಲೌಸ್ ಹೊಲಿಸುವುದು ಪ್ರತಿ ತಿಂಗಳೂ ಅಲ್ಲ, ಹಬ್ಬಕ್ಕೋ ಮದುವೆಗೋ. ಯಾವುದೇ ಒಂದು ತಿಂಗಳಲ್ಲಿ ಆ ನೂರರಲ್ಲಿ 25 ಜನಕ್ಕೆ ಹೊಲಿಸುವ ಅಗತ್ಯ ಬರಬಹುದು. ಆ ಇಪ್ಪತ್ತೈದರಲ್ಲಿ ಬಹುಪಾಲು ಜನಕ್ಕೆ ಈಗಾಗಲೇ ಒಬ್ಬ ಟೈಲರ್ ಗೊತ್ತಿರುತ್ತಾನೆ. ಅವನು ಒಂದು ಬ್ಲೌಸ್ ಕೆಡಿಸಿದ ಹೊರತು ಅವರು ಬದಲಾಯಿಸುವುದಿಲ್ಲ. ಸಾಲದ್ದಕ್ಕೆ, ಫಾಲೋ ಮಾಡಿದವರಿಗೆಲ್ಲ ಪ್ರತಿ ವಿಡಿಯೋ ಕಾಣುವುದೂ ಇಲ್ಲ. ಯಾರಿಗೆ ಯಾವುದನ್ನು ತೋರಿಸಬೇಕೆಂದು ಆಯುವುದು ಇನ್‌ಸ್ಟಾಗ್ರಾಂ. ಹೀಗೆ ಇಳಿಸಿಕೊಂಡು ಬಂದರೆ ಕೊನೆಗೆ ತಿಂಗಳಿಗೆ ಒಬ್ಬರೂ ಉಳಿಯದಿರಬಹುದು. ಒಂದೂವರೆ ವರ್ಷದಲ್ಲಿ ಬಂದವರೂ ಇಬ್ಬರೇ. ಅಂದಾಜಿನ ಲೆಕ್ಕವಾದರೂ ಅದು ಹೇಳಿದ್ದು ನಿಜವನ್ನೇ.

ಆಮೇಲೆ ಆಕೆ ಕಾಮೆಂಟುಗಳನ್ನು ಓದಿದಳು. ಹೊಸ 20 ವಿಡಿಯೋಗಳ ಕೆಳಗಿದ್ದವನ್ನು ಒಂದು ನೋಟ್‌ಬುಕ್ಕಿನಲ್ಲಿ ಮೂರು ಭಾಗ ಮಾಡಿ ಗೀಟು ಹಾಕಿದಳು. 36ರ ಅಳತೆಗೆ ಆರ್ಮ್‌ಹೋಲ್ ಎಷ್ಟು, ಪೇಪರ್ ಪ್ಯಾಟರ್ನ್ ಸಿಗುತ್ತದೆಯೇ, ಕ್ಯಾನ್ವಾಸ್ ಯಾವುದು ಹಾಕಿದ್ದೀರಿ, ತೋಳಿನ ಕಟಿಂಗ್ ಪೂರ್ತಿ ತೋರಿಸಿ — ಹೀಗೆ ಕೇಳಿದವರು ಒಂದು ಕಡೆ. ತೆಲುಗು, ಹಿಂದಿ, ಬಂಗಾಳಿ, ತಮಿಳು, ಕನ್ನಡ ಎಲ್ಲ ಭಾಷೆಗಳಲ್ಲೂ ಇವರೇ ತುಂಬಿದ್ದರು. ಎರಡನೆಯ ಕಡೆ ಬರೀ ಮೆಚ್ಚಿಗೆ. ಅಂಗಡಿ ಎಲ್ಲಿ, ರೇಟ್ ಎಷ್ಟು ಎಂದು ಕೇಳಿದವರು ಮೂರನೆಯ ಕಡೆ. ಅಲ್ಲಿ ಬಿದ್ದದ್ದು ನಾಲ್ಕೇ ಗೀಟು. ಆ ನಾಲ್ವರಲ್ಲಿ ಒಬ್ಬರು ಮೈಸೂರಿನವರು, ಒಬ್ಬರು ಬೆಳಗಾವಿಯವರು, ಇಬ್ಬರ ಊರು ತಿಳಿಯಲಿಲ್ಲ. ನಾಲ್ವರಿಗೂ ಉತ್ತರ ಹೋಗಿರಲಿಲ್ಲ, ಏಕೆಂದರೆ ಅವರ ಕಾಮೆಂಟುಗಳು ಕಟಿಂಗ್ ಪ್ರಶ್ನೆಗಳ ರಾಶಿಯ ಕೆಳಗೆ ಹೂತುಹೋಗಿದ್ದವು.

"ಮಾಮ, ಇವರಿಗೆ ಬ್ಲೌಸ್ ಬೇಕಾಗಿಲ್ಲ. ಬ್ಲೌಸ್ ಹೊಲಿಯೋದು ಹೆಂಗೆ ಅಂತ ಬೇಕಾಗೇತಿ" ಎಂದಳು ಆಕೆ.

ಇಡೀ ಪ್ರಕರಣದ ತಿರುಳು ಈ ಮಾತಿನಲ್ಲಿದೆ. ಆತನ ವಿಡಿಯೋಗಳನ್ನು ನೋಡುತ್ತಿದ್ದವರು ಆತನ ಕಸುಬಿನವರು, ಅಥವಾ ಆ ಕಸುಬಿಗೆ ಬರಲು ಹೊರಟವರು, ಅಥವಾ ಮನೆಯಲ್ಲಿ ಮಿಷಿನ್ ಇಟ್ಟುಕೊಂಡು ತಮ್ಮ ಬ್ಲೌಸ್ ತಾವೇ ಹೊಲಿದುಕೊಳ್ಳುವವರು. ಆತನಿಂದ ಹೊಲಿಸಿಕೊಳ್ಳುವ ಅಗತ್ಯ ಯಾರಿಗೆ ಎಲ್ಲರಿಗಿಂತ ಕಡಿಮೆಯೋ ಅವರೇ ಎಲ್ಲರಿಗಿಂತ ಹೆಚ್ಚಾಗಿ ಸೇರಿದ್ದರು. ಬ್ಲೌಸ್ ಹೊಲಿಸುವ ಹೆಂಗಸಿಗೆ ಆರ್ಮ್‌ಹೋಲಿನ ಅರ್ಧ ಇಂಚು ಬೇಕಾಗಿಲ್ಲ. ಆಕೆ ತಿಳಿಯಬಯಸುವುದು ಮೂರೇ: ಮೈಗೆ ಸರಿಯಾಗಿ ಕೂರುತ್ತದೆಯೇ, ಹೇಳಿದ ದಿನ ಕೊಡುತ್ತಾರೆಯೇ, ಎಷ್ಟು ತೆಗೆದುಕೊಳ್ಳುತ್ತಾರೆ. ಒಂದೂವರೆ ವರ್ಷದ ವಿಡಿಯೋಗಳಲ್ಲಿ ಈ ಮೂರಕ್ಕೆ ಒಂದು ಉತ್ತರವೂ ಇರಲಿಲ್ಲ. ಹೊಲಿದು ಮುಗಿದ ಬ್ಲೌಸನ್ನು ಯಾರಾದರೂ ತೊಟ್ಟುಕೊಂಡ ಚಿತ್ರ ಒಂದೂ ಇರಲಿಲ್ಲ. ಖಾತೆಯ ಪರಿಚಯದಲ್ಲಿ ಫ್ಯಾಷನ್ ಡಿಸೈನರ್ ಎಂದು ಇಂಗ್ಲಿಷಿನಲ್ಲಿತ್ತೇ ಹೊರತು ಊರಿನ ಹೆಸರಿರಲಿಲ್ಲ, ಫೋನ್ ನಂಬರೂ ಇರಲಿಲ್ಲ.

ಮಾತಿಲ್ಲದೆ ಸಂಗೀತ ಮಾತ್ರ ಹಾಕಿದ್ದರ ಪರಿಣಾಮವೂ ಇದರಲ್ಲಿ ಸೇರಿತ್ತು. ಭಾಷೆಯಿಲ್ಲದ ವಿಡಿಯೋಗೆ ಗಡಿಯಿಲ್ಲ. ಢಾಕಾದಲ್ಲಿ ಹೊಲಿಗೆ ಕಲಿಯುವ ಹುಡುಗಿಗೂ ಅದು ಅರ್ಥವಾಗುತ್ತದೆ. ಹಾಗಾಗಿಯೇ ನೋಡುವವರ ಸಂಖ್ಯೆ ಲಕ್ಷಗಳಿಗೆ ಏರಿತು, ಹಾಗಾಗಿಯೇ ದಾವಣಗೆರೆಯವರು ಅದರಲ್ಲಿ ಕರಗಿಹೋದರು. ಆತ ಕನ್ನಡದಲ್ಲಿ, ದಾವಣಗೆರೆಯ ಮಾತಿನಲ್ಲಿ ವಿವರಿಸಿದ್ದರೆ ನೋಡುವವರು ಬಹಳ ಕಡಿಮೆಯಾಗುತ್ತಿದ್ದರು, ಆದರೆ ಇದ್ದವರು ಹತ್ತಿರದವರಾಗಿರುತ್ತಿದ್ದರು.

ಇನ್‌ಸ್ಟಾಗ್ರಾಂನ ನಡೆಯೂ ಅದೇ ದಾರಿಗೆ ನೂಕಿತ್ತು. ಒಂದು ವಿಡಿಯೋವನ್ನು ಯಾರು ಕೊನೆಯವರೆಗೆ ನೋಡುತ್ತಾರೆ, ಯಾರು ಉಳಿಸಿಟ್ಟುಕೊಳ್ಳುತ್ತಾರೆ, ಯಾರು ಮತ್ತೊಬ್ಬರಿಗೆ ಕಳಿಸುತ್ತಾರೆ ಎಂಬುದನ್ನು ಅದು ಗಮನಿಸಿ, ಅಂಥವರನ್ನೇ ಹೋಲುವ ಇನ್ನಷ್ಟು ಜನರಿಗೆ ತೋರಿಸುತ್ತದೆ. ಕಲಿಯುವವರು ಕಟಿಂಗ್ ವಿಡಿಯೋವನ್ನು ನಿಲ್ಲಿಸಿ ನಿಲ್ಲಿಸಿ ನಾಲ್ಕು ಸಲ ನೋಡುತ್ತಾರೆ, ಉಳಿಸಿಡುತ್ತಾರೆ, ಜೊತೆಗಾತಿಗೆ ಕಳಿಸುತ್ತಾರೆ. ಹೊಲಿಸುವವರು ಒಂದು ಕ್ಷಣ ನೋಡಿ ಮುಂದಕ್ಕೆ ಹೋಗುತ್ತಾರೆ. ಪ್ರತಿ ಕಟಿಂಗ್ ವಿಡಿಯೋವೂ ಇನ್ನಷ್ಟು ಕಲಿಯುವವರನ್ನು ಹುಡುಕಿ ತಂದಿತು. ನಡುವೆ ಒಮ್ಮೆ ಆತ 500 ರೂಪಾಯಿ ಕೊಟ್ಟು ಒಂದು ವಿಡಿಯೋವನ್ನು ಬೂಸ್ಟ್ ಮಾಡಿದ್ದ. ಯಾರಿಗೆ ತೋರಿಸಬೇಕು ಎಂಬ ಪ್ರಶ್ನೆ ಬಂದಾಗ ಮೊದಲಿಂದ ಗುರುತಾಗಿದ್ದ ಆಟೊಮ್ಯಾಟಿಕ್ ಎಂಬುದನ್ನು ಹಾಗೆಯೇ ಬಿಟ್ಟಿದ್ದ. ಅದರ ಅರ್ಥ, ಈಗಿರುವ ಫಾಲೋವರ್‌ಗಳಂಥವರಿಗೇ ತೋರಿಸು ಎಂದು. ದುಡ್ಡು ಕೊಟ್ಟು ತಂದದ್ದೂ ಅಂಥವರನ್ನೇ. ಅಲ್ಲೇ ಊರನ್ನು ಆರಿಸಿ, ಅಂಗಡಿಯ ಸುತ್ತಲಿನ ಕೆಲವು ಕಿಲೋಮೀಟರಿಗಷ್ಟೇ ತೋರಿಸುವ ಅವಕಾಶವೂ ಇತ್ತು.

ದೂರದ ಫಾಲೋವರ್‌ಗಳೂ ಗಿರಾಕಿಗಳಾಗಬಾರದೇಕೆ ಎಂಬ ಪ್ರಶ್ನೆ ಸಹಜ. ಸೀರೆ ಮಾರುವವರಿಗೆ ಹೈದರಾಬಾದಿನ ಫಾಲೋವರ್ ಕೂಡ ಗಿರಾಕಿಯೇ, ಏಕೆಂದರೆ ಸೀರೆಗೆ ಅಳತೆಯಿಲ್ಲ. ಬ್ಲೌಸಿನ ಕಥೆ ಬೇರೆ. ಬಂದ ಇಬ್ಬರಲ್ಲದೆ ಒಂದು ಆರ್ಡರ್ ಹೈದರಾಬಾದಿನಿಂದ ಕೊರಿಯರ್‌ನಲ್ಲಿ ಬಂದಿತ್ತು. ಆರ್ಡರ್ ಕೊಟ್ಟ ಹೆಂಗಸು ಬ್ಲೌಸ್ ಪೀಸನ್ನೂ ತಾವೇ ತೆಗೆದ ಅಳತೆಯನ್ನೂ ಕಳಿಸಿದ್ದರು. ಅಳತೆ ಬ್ಲೌಸ್ ಕಳಿಸಿರಲಿಲ್ಲ. ಒಬ್ಬರೇ ಕನ್ನಡಿಯ ಮುಂದೆ ನಿಂತು ಟೇಪ್ ಹಿಡಿದರೆ ಶೋಲ್ಡರ್ ಅಳತೆ ಸರಿಯಾಗಿ ಬರುವುದು ಕಷ್ಟ, ಏಕೆಂದರೆ ಕೈ ಎತ್ತಿದ ಕೂಡಲೇ ಭುಜದ ತುದಿ ಜರುಗುತ್ತದೆ. ಬ್ಲೌಸ್ ಭುಜದಲ್ಲಿ ಅಗಲವಾಗಿ, ಕುತ್ತಿಗೆ ಜಾರಿತು. ವಾಪಸ್ ಬಂತು. ಎದೆಯ ಪಕ್ಕದಲ್ಲಿ ಬಿಗಿಯಾಗಿದ್ದರೆ ಒಳಗೆ ಬಿಟ್ಟ ಬಟ್ಟೆಯನ್ನು ಬಿಚ್ಚಿ ಸಡಿಲ ಮಾಡಬಹುದಿತ್ತು. ಶೋಲ್ಡರ್ ಕೆಟ್ಟರೆ ತೋಳು ಬಿಚ್ಚಿ, ಆರ್ಮ್‌ಹೋಲನ್ನೇ ಮತ್ತೆ ಕತ್ತರಿಸಿ ಹೊಲಿಯಬೇಕು. ಲೈನಿಂಗ್ ಬ್ಲೌಸಿಗೆ ಆತ ಹೇಳಿದ್ದ ಮಜೂರಿ 550 ರೂಪಾಯಿ. ಎರಡು ಸಲ ಕೊರಿಯರ್ ಖರ್ಚು ತಾನೇ ಹಾಕಿಕೊಂಡು, ಮತ್ತೊಂದು ಸಲ ಅರ್ಧ ದಿನ ದುಡಿದ ಮೇಲೆ ಅದರಲ್ಲಿ ಉಳಿದದ್ದು ಏನೂ ಇಲ್ಲ. ಆಕೆ ಅಂಗಡಿಯಲ್ಲೇ ಇದ್ದಿದ್ದರೆ ಭುಜದ ಮೇಲೆ ಟೇಪ್ ಇಟ್ಟ ಕ್ಷಣಕ್ಕೆ ಇದು ತಪ್ಪುತ್ತಿತ್ತು. ಅಳತೆ ಕೊಡಲು ಒಮ್ಮೆ, ಹಾಕಿ ನೋಡಲು ಒಮ್ಮೆ, ಅಲ್ಟ್ರೇಷನ್ ಇದ್ದರೆ ಇನ್ನೊಮ್ಮೆ ಬರಬೇಕಾದ ಕೆಲಸಕ್ಕೆ ಗಿರಾಕಿ ನಡೆದೋ ಗಾಡಿಯಲ್ಲೋ ಬರುವಷ್ಟು ಹತ್ತಿರದಲ್ಲೇ ಇರಬೇಕು.

ಹಾಗಾದರೆ ಈಗಿರುವ ಗಿರಾಕಿಗಳು ಬಂದದ್ದು ಎಲ್ಲಿಂದ? ಆತನಿಗೂ ಖಚಿತವಾಗಿ ಗೊತ್ತಿರಲಿಲ್ಲ. ಅಕ್ಕನ ಮಗಳು ಬಿಲ್ ಬುಕ್ಕಿನ ಅಂಚಿನಲ್ಲಿ ಒಂದು ಗೆರೆ ಎಳೆದು, ಹೊಸಬರು ಬಂದಾಗಲೆಲ್ಲ "ನಮ್ಮ ಅಂಗಡಿ ಹೆಂಗೆ ಗೊತ್ತಾತ್ರಿ ಅಕ್ಕಾರೆ?" ಎಂದು ಕೇಳಿ ಉತ್ತರ ಬರೆಯಲು ಹೇಳಿದಳು. ಆರು ವಾರಗಳಲ್ಲಿ 31 ಹೊಸಬರು ಬಂದರು. 14 ಜನ ಪರಿಚಯದವರ ಮೈಮೇಲಿನ ಬ್ಲೌಸ್ ನೋಡಿ ವಿಚಾರಿಸಿಕೊಂಡು ಬಂದವರು. 9 ಜನ ದಾರಿಯಲ್ಲಿ ಬೋರ್ಡು ನೋಡಿದವರು. 5 ಜನರನ್ನು ಹತ್ತಿರದ ಸೀರೆ ಅಂಗಡಿಯವರು ಕಳಿಸಿದ್ದರು. ಇಬ್ಬರು ಗೂಗಲ್ ಮ್ಯಾಪ್ಸ್‌ನಲ್ಲಿ ಹುಡುಕಿದವರು, ಒಬ್ಬರು ಇನ್‌ಸ್ಟಾಗ್ರಾಂನಿಂದ ಬಂದವರು. ಅಂಗಡಿ ನಡೆಸುವವರಿಗೆ ಈ ಪ್ರಶ್ನೆಗಿಂತ ಅಗ್ಗದ, ನಂಬಿಕಸ್ತ ಸಮೀಕ್ಷೆ ಇನ್ನೊಂದಿಲ್ಲ. ಮೊಬೈಲಿನ ಅಂಕಿ ಯಾರು ನೋಡಿದರೆಂದು ಹೇಳುತ್ತದೆ, ಈ ಅಂಕಣ ಯಾರು ದುಡ್ಡು ಕೊಟ್ಟರೆಂದು ಹೇಳುತ್ತದೆ.

ಇನ್ನೊಂದು ಲೆಕ್ಕ ಉಳಿದಿತ್ತು, ಆತ ಅದನ್ನು ಎಂದೂ ಮಾಡಿರಲಿಲ್ಲ: ಎಷ್ಟು ಗಿರಾಕಿ ಬೇಕು? ಆತ ಮತ್ತು ಒಬ್ಬ ಕೆಲಸದವನು ಸೇರಿ ದಿನಕ್ಕೆ 6 ಲೈನಿಂಗ್ ಬ್ಲೌಸ್ ಹೊಲಿಯಬಲ್ಲರು. ಹುಕ್ಕು, ಹೆಮ್ಮಿಂಗ್ ಮಾಡಲು ಪಕ್ಕದ ಮನೆಯವರಿದ್ದರು. ತಿಂಗಳಿಗೆ 25 ದಿನ ಕೆಲಸವೆಂದರೆ 150 ಬ್ಲೌಸ್. ಒಬ್ಬರು ಬಂದರೆ ಎರಡೋ ಮೂರೋ ಒಟ್ಟಿಗೆ ಕೊಡುತ್ತಾರೆ, ಸರಾಸರಿ ಎರಡೂವರೆ. ಹಾಗಾಗಿ ತಿಂಗಳಿಗೆ 60 ಜನ, ವರ್ಷಕ್ಕೆ 720 ಸಲ ಬರಬೇಕು. ಒಂದು ಮನೆಯವರು ವರ್ಷಕ್ಕೆ ನಾಲ್ಕು ಸಲ ಬಂದರೆ 180 ಮನೆ. ಎರಡು ಮಿಷಿನ್ ವರ್ಷವಿಡೀ ನಿಲ್ಲದೆ ಓಡಲು ನಿಟುವಳ್ಳಿ ಮತ್ತು ಸುತ್ತಲಿನ 180 ಮನೆ ಸಾಕು. 18,400 ಜನರೂ ಬಂದಿದ್ದರೆ ಆತ ಬಾಗಿಲು ಹಾಕಿಕೊಳ್ಳಬೇಕಾಗುತ್ತಿತ್ತು.

ಬಿಲ್ ಬುಕ್ಕಿನಲ್ಲಿ ಆಗಲೇ 130 ಮನೆಗಳ ಫೋನ್ ನಂಬರ್ ಇತ್ತು. ಅವರೆಲ್ಲ ಬರುತ್ತಿದ್ದರೆ ಕೊರತೆ 50 ಮಾತ್ರ. ಆ 130ರಲ್ಲಿ ವರ್ಷದಿಂದ ಬಾರದವರಿಗೆ ಆತ ಫೋನ್ ಮಾಡಿದ. ಕೆಲವರು ಮನೆ ಬದಲಿಸಿದ್ದರು. ಇಬ್ಬರು ಮುಚ್ಚುಮರೆಯಿಲ್ಲದೆ ಹೇಳಿದರು: ಮದುವೆಯ ಹಿಂದಿನ ದಿನ ಕೊಡುತ್ತೇನೆಂದ ಬ್ಲೌಸ್ ಸಿಗಲಿಲ್ಲ, ಬೇರೆ ಬ್ಲೌಸ್ ಹಾಕಿಕೊಂಡು ಹೋಗಬೇಕಾಯಿತು. ವಿಡಿಯೋ ಚಿತ್ರಿಸಿ, ಜೋಡಿಸಿ, ಸಂಗೀತ ಕೂಡಿಸಲು ದಿನಕ್ಕೆ ಒಂದೂವರೆ ಗಂಟೆ ಹೋಗುತ್ತಿತ್ತು. ಹೆಚ್ಚುಕಡಿಮೆ ಅರ್ಧ ಬ್ಲೌಸ್ ಹೊಲಿಯುವ ಹೊತ್ತು ಅದು. ಫಾಲೋವರ್‌ಗಳು ಗಿರಾಕಿಗಳನ್ನು ತರಲಿಲ್ಲ ಎಂಬಲ್ಲಿಗೆ ಮುಗಿಯಲಿಲ್ಲ, ಅವರಿಗಾಗಿ ಕಳೆದ ಹೊತ್ತು ಇದ್ದ ಗಿರಾಕಿಗಳನ್ನು ದೂರ ಮಾಡಿತ್ತು. ಆತನಿಗೆ ಹೆಚ್ಚು ನೋವಾದದ್ದು ಇದರಿಂದಲೇ.

ಆಮೇಲೆ ಮಾಡಿದ್ದರಲ್ಲಿ ಫಲ ಕೊಟ್ಟದ್ದು ಎರಡು. ಮೊದಲನೆಯದು ವಾಟ್ಸಾಪ್ ಸ್ಟೇಟಸ್. ನಮ್ಮ ಸ್ಟೇಟಸ್ ಕಾಣಬೇಕಾದರೆ ನಮ್ಮ ಬಳಿ ಅವರ ನಂಬರ್ ಇದ್ದರೆ ಸಾಲದು, ಅವರ ಫೋನಿನಲ್ಲೂ ನಮ್ಮ ನಂಬರ್ ಸೇವ್ ಆಗಿರಬೇಕು. ಅದಕ್ಕೆ ಬ್ಲೌಸ್ ಕೊಡುವಾಗ, ಅಲ್ಟ್ರೇಷನ್‌ಗೆ ಫೋನ್ ಮಾಡಲು ಅನುಕೂಲವಾಗುತ್ತದೆಂದು ಹೇಳಿ ನಂಬರನ್ನು ಅಲ್ಲೇ ಸೇವ್ ಮಾಡಿಸಿದ. ಗಿರಾಕಿಯ ಒಪ್ಪಿಗೆ ಪಡೆದು, ಮುಖ ಕಾಣದಂತೆ ತೊಟ್ಟ ಬ್ಲೌಸಿನ ಚಿತ್ರ, ಅದರ ಮಜೂರಿ, ವರಮಹಾಲಕ್ಷ್ಮಿಗೆ ಯಾವ ತಾರೀಖಿನವರೆಗೆ ಬಟ್ಟೆ ತೆಗೆದುಕೊಳ್ಳುತ್ತೇನೆಂಬ ಒಂದು ಸಾಲು: ಸ್ಟೇಟಸ್ಸಿನಲ್ಲಿ ಹಾಕಿದ್ದು ಇಷ್ಟೇ. 24 ಗಂಟೆಯಲ್ಲಿ ಅದು ಅಳಿಸಿಹೋಗುತ್ತದೆ, ನೋಡುವವರು ನೂರು ಚಿಲ್ಲರೆ ಜನ. ಆದರೆ ಅಷ್ಟೂ ಜನ ದಾವಣಗೆರೆಯವರು, ಒಮ್ಮೆಯಾದರೂ ಹೊಲಿಸಿದವರು.

ಎರಡನೆಯದು ಗೂಗಲ್ ಮ್ಯಾಪ್ಸ್. ಹುಡುಕಿದಾಗ ಯಾವ ಅಂಗಡಿಯನ್ನು ಮೊದಲು ತೋರಿಸಬೇಕೆಂದು ಗೂಗಲ್ ನಿರ್ಧರಿಸುವುದು ಮೂರು ಸಂಗತಿಗಳ ಮೇಲೆ: ಹುಡುಕಿದ್ದಕ್ಕೂ ಅಂಗಡಿಯ ಕೆಲಸಕ್ಕೂ ಎಷ್ಟು ಹೊಂದಿಕೆಯಿದೆ, ಎಷ್ಟು ದೂರವಿದೆ, ಎಷ್ಟು ಹೆಸರಾಗಿದೆ. ದೂರವನ್ನು ಬದಲಿಸಲಾಗದು, ಉಳಿದೆರಡು ಕೈಯಲ್ಲಿವೆ. ಆತನ ಅಂಗಡಿ ಮ್ಯಾಪಿನಲ್ಲಿ ಯಾರೋ ಗುರುತು ಹಾಕಿದ್ದ ತಪ್ಪು ಹೆಸರಿನಲ್ಲಿತ್ತು, ಫೋನ್ ನಂಬರ್ ಇರಲಿಲ್ಲ. ಬೋರ್ಡು ಮತ್ತು ಒಳಗಿನ ಮಿಷಿನ್‌ಗಳನ್ನು ವಿಡಿಯೋದಲ್ಲಿ ತೋರಿಸಿ, ಅಂಗಡಿ ತನ್ನದೆಂದು ದೃಢಪಡಿಸಿ, ಹೆಸರು ಸರಿಪಡಿಸಿ, ಟೈಲರ್ ಎಂಬ ವಿಭಾಗ ಆರಿಸಿ, ತೆರೆಯುವ ಹೊತ್ತು ಮತ್ತು ನಂಬರ್ ಹಾಕಿದ. ಮೆಚ್ಚಿಕೊಂಡವರಿಗೆ ರಿವ್ಯೂ ಬರೆಯಲು ಕೇಳಿದ. ಅದಕ್ಕೆ ಪ್ರತಿಯಾಗಿ ಮಜೂರಿ ಕಡಿಮೆ ಮಾಡುವುದು ಗೂಗಲ್‌ನ ನಿಯಮಕ್ಕೆ ವಿರುದ್ಧವಾದ್ದರಿಂದ ಹಾಗೆ ಮಾಡಲಿಲ್ಲ. ಇದರಿಂದ ಬಂದವರು ಹೆಚ್ಚೇನಲ್ಲ. ಆದರೆ ಬಂದವರು ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ಬಂದರು, ಏಕೆಂದರೆ ಮ್ಯಾಪಿನಲ್ಲಿ ಟೈಲರ್ ಎಂದು ಹುಡುಕುವವರಿಗೆ ಆ ವಾರವೇ ಹೊಲಿಸಬೇಕಾಗಿರುತ್ತದೆ.

ಹಳೆಯ ಖಾತೆಯನ್ನು ಆತ ಮುಚ್ಚಲಿಲ್ಲ. ಅದನ್ನು ಕಲಿಯುವವರಿಗೇ ಬಿಟ್ಟು, ವಾರಕ್ಕೊಂದು ವಿಡಿಯೋಗೆ ಇಳಿಸಿ, ಕನ್ನಡದಲ್ಲಿ ಮಾತಾಡಿ ವಿವರಿಸತೊಡಗಿದ. ನೋಡುವವರು ಸಾವಿರಗಳಿಂದ ನೂರುಗಳಿಗೆ ಬಂದರು. ಕೆಲವು ತಿಂಗಳಲ್ಲಿ ದಾವಣಗೆರೆ ಊರುಗಳ ಪಟ್ಟಿಯಲ್ಲಿ ಮೂರನೆಯದಾಯಿತು. ಪರಿಚಯದ ಸಾಲಿನಲ್ಲಿ ನಿಟುವಳ್ಳಿ ಎಂದೂ, ಲೈನಿಂಗ್ ಬ್ಲೌಸ್ 550 ಎಂದೂ ಬರೆದ ಮೇಲೆ ರೇಟ್ ಕೇಳಿ ಸುಮ್ಮನಾಗುವವರು ನಿಂತರು. ಮುಂದಿನ ಶ್ರಾವಣದಲ್ಲಿ ಬಿಲ್ ಬುಕ್ಕಿನ ಅಂಚಿನಲ್ಲಿ 22 ಹೊಸ ಹೆಸರುಗಳು ಸೇರಿದವು. 11 ಜನ ಪರಿಚಯದವರಿಂದ, 5 ಜನ ಬೋರ್ಡು ನೋಡಿ, 4 ಜನ ಮ್ಯಾಪಿನಿಂದ, ಇಬ್ಬರು ಇನ್‌ಸ್ಟಾಗ್ರಾಂನಿಂದ. ಹರಿಹರದಿಂದ ಮೂವರು ಹೆಣ್ಣುಮಕ್ಕಳು ವಿಡಿಯೋ ನೋಡಿ ಬಂದು, ಹೊಲಿಸಲಿಕ್ಕಲ್ಲ, ಕಲಿಯಲಿಕ್ಕೆ ಎಂದರು. ಅವರಿಗೆ ಭಾನುವಾರ ಬೆಳಿಗ್ಗೆ ಕಟಿಂಗ್ ಹೇಳಿಕೊಡಲು ಆತ ಒಪ್ಪಿಕೊಂಡ, ಅದಕ್ಕೆ ಫೀಸನ್ನೂ ಗೊತ್ತುಮಾಡಿದ.